ಪಾಠದ ಶೀರ್ಷಿಕೆಗಳನ್ನೇ ಪ್ರಶ್ನೆ ಮಾಡಿಕೊಳ್ಳಿ

ಪಾಠ ಒಮ್ಮೆ ಓದಿದ ಮೇಲೆ ಅದರ ಶೀರ್ಷಿಕೆ, ಉಪಶೀರ್ಷಿಕೆಗಳನ್ನಷ್ಟೇ ನೋಟ್‌ಬುಕ್ಕಿನ ಎಡಗಡೆ ಪ್ರಶ್ನೆಗಳಾಗಿ ಬರೆಯಿರಿ. ಎರಡು ದಿನ ಬಿಟ್ಟು, ಪುಸ್ತಕ ಮುಚ್ಚಿ, ಬಲಗಡೆ ಉತ್ತರ ಬರೆಯಿರಿ. ಆದರೆ ಎಲ್ಲದಕ್ಕೂ ಸುಮ್ನೆ ‘ಎಂದರೇನು’ ಅಂಟಿಸಬೇಡಿ, ಬರೀ ವ್ಯಾಖ್ಯೆ ಬಾಯಿಪಾಠವಾಗುತ್ತದೆ. ಹತ್ತನೇ ತರಗತಿ ವಿಜ್ಞಾನದ ‘ಸಸ್ಯಗಳಲ್ಲಿ ಸಾಗಾಣಿಕೆ’ ತಗೊಳ್ಳಿ. ‘ನೀರಿನ ಸಾಗಾಣಿಕೆ’ ಎನ್ನುವುದನ್ನು ‘ಹೃದಯದಂಥ ಪಂಪ್ ಇಲ್ಲದೆ ನೀರು ಮರದ ತುದಿಗೆ ಹೇಗೆ ಏರುತ್ತದೆ?’ ಎಂದು ಮಾಡಿ. ಬೇರಿನ ಒತ್ತಡ, ಹಗಲಲ್ಲಿ ಎಲೆಯಿಂದ ನೀರು ಆವಿಯಾಗುವಾಗಿನ ಸೆಳೆತ, ಎರಡೂ ಬಂದರೆ ಉತ್ತರ ಸರಿ. ‘ಆಹಾರದ ಸಾಗಾಣಿಕೆ’ಗೆ ‘ಇದಕ್ಕೆ ಸಸ್ಯ ಶಕ್ತಿ ಖರ್ಚು ಮಾಡಬೇಕು, ಯಾಕೆ?’ ಎಂದು ಕೇಳಿ. ಮೇಲಿನ ದೊಡ್ಡ ಶೀರ್ಷಿಕೆಗೆ ಕೆಳಗಿನವನ್ನು ಹೋಲಿಸುವ ಪ್ರಶ್ನೆ ಇಡಿ: ‘ನೀರು ಸಾಗಿಸುವ ಕ್ಸೈಲಮ್‌ನಲ್ಲಿ ಹರಿವು ಮೇಲಕ್ಕೆ ಮಾತ್ರ, ಆಹಾರ ಸಾಗಿಸುವ ಫ್ಲೋಯಮ್‌ನಲ್ಲಿ ಎರಡೂ ಕಡೆಗೆ, ಯಾಕೆ?’ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ ಬಗೆಯ ಪ್ರಶ್ನೆ. ಮತ್ತೆ ಓದುವಾಗ ಎಲ್ಲ ಪರಿಚಿತ ಅನ್ನಿಸುತ್ತದೆ, ಅದನ್ನೇ ಗೊತ್ತು ಅಂದುಕೊಳ್ಳುತ್ತೇವೆ. ನೆನಪಿನಿಂದ ತೆಗೆದು ಬರೆಯುವಾಗ ಆ ಮೋಸ ನಡೆಯುವುದಿಲ್ಲ, ತೆಗೆದಷ್ಟೂ ನೆನಪು ಗಟ್ಟಿಯಾಗುತ್ತದೆ. ಗಣಿತಕ್ಕೆ ಇದು ಆಗಿಬರುವುದಿಲ್ಲ, ಅಲ್ಲಿ ಲೆಕ್ಕವನ್ನೇ ಮಾಡಬೇಕು. ‘ಪೀಠಿಕೆ’ಯಂಥ ಶೀರ್ಷಿಕೆಗಳಿಂದ ಏನೂ ಹುಟ್ಟುವುದಿಲ್ಲ, ಬಿಟ್ಟುಬಿಡಿ. ಚಿತ್ರಗಳು ಶೀರ್ಷಿಕೆಯಲ್ಲಿ ಕಾಣಿಸುವುದಿಲ್ಲ, ಅಲ್ವಾ? ಪ್ರತಿ ಚಿತ್ರಕ್ಕೂ ‘ಬರೆದು ಭಾಗ ಗುರುತಿಸು’ ಎಂದು ಒಂದು ಸಾಲು ಬೇರೆ ಸೇರಿಸಿ.