ನಕ್ಷತ್ರ ಚಿಹ್ನೆಯ ಹಿಂದೆ ಅಡಗಿದ್ದ ಎರಡು

ನಮ್ಮ ಕಚೇರಿಯ ವಾರ್ಷಿಕ ವರದಿಗೆ ಕೋಷ್ಟಕಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಒಂದು ವರ್ಷ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರ ಸಂಖ್ಯೆಯನ್ನು ಮೊದಲ ಬಾರಿಗೆ ಗ್ರಾಮವಾರು, ವಯಸ್ಸುವಾರು ಕೊಡಬೇಕಾಗಿ ಬಂತು. ಕೋಷ್ಟಕ ಚಿಕ್ಕದು, ನಾಲ್ಕು ಸಾಲು, ಮೂರು ಕಾಲಂ. ಊಟದ ವೇಳೆಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಇಲ್ಲಿ ಸಂಖ್ಯೆಗಳನ್ನು ಬದಲಿಸಿ ಕೊಡುತ್ತಿದ್ದೇನೆ, ತೊಡಕು ಮಾತ್ರ ಅದೇ.

| | 0–17 | 18–59 | 60+ | ಒಟ್ಟು |
|---|---|---|---|---|
| ಗ್ರಾಮ 1 | 12 | 41 | 19 | 72 |
| ಗ್ರಾಮ 2 | 2 | 14 | 7 | 23 |
| ಗ್ರಾಮ 3 | 9 | 33 | 16 | 58 |
| ಗ್ರಾಮ 4 | 6 | 27 | 3 | 36 |
| ಒಟ್ಟು | 29 | 115 | 45 | 189 |

ಗ್ರಾಮ 2ರಲ್ಲಿ ಇಬ್ಬರು ಮಕ್ಕಳು. ಕೆಲವೇ ನೂರು ಜನರಿರುವ ಊರಿನಲ್ಲಿ, ತಿಂಗಳಿಗೊಮ್ಮೆ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುವ ಮನೆ ಯಾವುದೆಂದು ಅಕ್ಕಪಕ್ಕದವರಿಗೆ ಮೊದಲೇ ಗೊತ್ತಿರುತ್ತದೆ. ಅವರಿಗೆ ಗೊತ್ತಿಲ್ಲದಿರುವುದು ಏಕೆ ಹೋಗುತ್ತಾರೆ ಎಂಬುದು. ನಮ್ಮ ಕೋಷ್ಟಕ ಹೇಳುವುದು ಅದನ್ನೇ. ಹೆಸರು ಅಳಿಸಿದ್ದೇವಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಎಷ್ಟಕ್ಕಿಂತ ಕಡಿಮೆ ಇದ್ದರೆ ಮರೆಮಾಡಬೇಕು? 1 ಇದ್ದರೆ ಅಪಾಯ ಕಣ್ಣಿಗೇ ಕಾಣುತ್ತದೆ. 2 ಇದ್ದರೂ ಅಷ್ಟೇ, ಏಕೆಂದರೆ ಆ ಇಬ್ಬರಲ್ಲಿ ಒಂದು ಮನೆಯವರು ತಮ್ಮ ಮಗುವನ್ನು ಕಳೆದು ನೋಡಿದರೆ ಉಳಿಯುವುದು ಇನ್ನೊಂದು ಮನೆ. ಹಾಗಾಗಿ 3ಕ್ಕಿಂತ ಕೆಳಗಿನ ಮಿತಿಗೆ ಅರ್ಥವೇ ಇಲ್ಲ. ಅಲ್ಲಿಂದ ಮೇಲೆ ಎಲ್ಲಿ ಗೆರೆ ಎಳೆಯಬೇಕೆಂಬುದು ವಿಷಯದ ಸೂಕ್ಷ್ಮತೆಗೆ ಬಿಟ್ಟದ್ದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ದತ್ತಾಂಶ ಬಳಸುವವರು 1ರಿಂದ 10ರವರೆಗಿನ ಯಾವ ಎಣಿಕೆಯನ್ನೂ ಪ್ರಕಟಿಸುವಂತಿಲ್ಲ. ನಮ್ಮಲ್ಲಿ 5 ಎಂದು ತೀರ್ಮಾನವಾಯಿತು: 1ರಿಂದ 4ರವರೆಗಿನ ಸಂಖ್ಯೆಯ ಜಾಗದಲ್ಲಿ ನಕ್ಷತ್ರ ಚಿಹ್ನೆ. ಅದರಂತೆ ಗ್ರಾಮ 2ರ 2 ಮತ್ತು ಗ್ರಾಮ 4ರ 3 ಮರೆಯಾದವು.

ಸಾಲಿನ ಒಟ್ಟು ಬಯಲಲ್ಲೇ ಇದೆ ಎಂಬುದು ನನಗೆ ಹೊಳೆಯದೆ ಇರಲಿಲ್ಲ. 23ರಿಂದ 14 ಮತ್ತು 7 ಕಳೆದರೆ 2 ಬಂದೇ ಬರುತ್ತದೆ. ಆದ್ದರಿಂದ ಎರಡೂ ಸಾಲುಗಳಲ್ಲಿ ಇನ್ನೊಂದು ಚೌಕವನ್ನೂ ಮರೆಮಾಡಿದೆ. ನಡುವಿನ ಕಾಲಂ ಆರಿಸಿಕೊಂಡೆ: ಗ್ರಾಮ 2ರ 14, ಗ್ರಾಮ 4ರ 27. ಈಗ ಪ್ರತಿ ಸಾಲಿನಲ್ಲೂ ಎರಡೆರಡು ನಕ್ಷತ್ರ, ಯಾರೂ ಕಳೆದು ಕಂಡುಹಿಡಿಯಲಾರರು ಎಂದು ಬೀಗಿ, ಕಡತವನ್ನು ಕಿರಿಯ ಸಹೋದ್ಯೋಗಿಗೆ ಪರಿಶೀಲನೆಗೆ ಕೊಟ್ಟೆ. ಅವಳು ಪೆನ್ಸಿಲ್ ಹಿಡಿದು ಅರ್ಧ ನಿಮಿಷ ನೋಡಿದಳು.

"ಮೇಡಂ, ಈ ನಕ್ಷತ್ರದ ಹಿಂದೆ ಇರುವುದು ಎರಡು ಅಲ್ಲವೇ?"

ನಾನು ಅಡ್ಡಡ್ಡ ನೋಡಿದ್ದೆ, ಅವಳು ಉದ್ದುದ್ದ ನೋಡಿದ್ದಳು. ಮೊದಲ ಕಾಲಂನಲ್ಲಿ ನಕ್ಷತ್ರ ಇದ್ದದ್ದು ಒಂದೇ. 29ರಿಂದ 12, 9, 6 ಕಳೆದರೆ 2. ಕೊನೆಯ ಕಾಲಂನಲ್ಲೂ ಇದೇ ಕಥೆ, 45ರಿಂದ 19, 7, 16 ಕಳೆದರೆ 3. ನಾನು ಎರಡು ದೊಡ್ಡ ಸಂಖ್ಯೆಗಳನ್ನು ಸುಮ್ಮನೆ ಬಲಿಕೊಟ್ಟಿದ್ದೆ, ಮುಚ್ಚಬೇಕಾದವು ಮುಚ್ಚಿರಲಿಲ್ಲ. ನಾವು ಚಾಪೆಯ ಕೆಳಗೆ ತೂರಿದರೆ ಕೂಡುವ ಕಳೆಯುವ ಲೆಕ್ಕ ರಂಗೋಲಿಯ ಕೆಳಗೆ ತೂರುತ್ತದೆ.

ಬೇಕಾದದ್ದು ಒಂದು ಆಯತ. ಮರೆಮಾಡಿದ ಚೌಕಗಳು ನಾಲ್ಕು ಮೂಲೆಗಳಾಗಿ ನಿಲ್ಲಬೇಕು. ಆಗ ಅವು ಇರುವ ಪ್ರತಿ ಸಾಲಿನಲ್ಲೂ ಪ್ರತಿ ಕಾಲಂನಲ್ಲೂ ಎರಡೆರಡು ನಕ್ಷತ್ರಗಳಿರುತ್ತವೆ. ನಮ್ಮ ಅದೃಷ್ಟಕ್ಕೆ 2 ಮತ್ತು 3 ಎದುರುಬದುರು ಮೂಲೆಗಳಲ್ಲೇ ಇದ್ದವು. ಉಳಿದೆರಡು ಮೂಲೆಗಳು ಗ್ರಾಮ 2ರ 7 ಮತ್ತು ಗ್ರಾಮ 4ರ 6. ಅವೂ ಸಣ್ಣ ಸಂಖ್ಯೆಗಳೇ, ಕಳೆದುಕೊಳ್ಳುವ ಮಾಹಿತಿ ಕಡಿಮೆ. 14 ಮತ್ತು 27 ತಮ್ಮ ಜಾಗಕ್ಕೆ ಮರಳಿದವು.

ಆಯತ ಮಾಡಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಓದುಗನ ಜಾಗದಲ್ಲಿ ಕುಳಿತು ಊಹಿಸಬೇಕು. ಗ್ರಾಮ 2ರ ಮಕ್ಕಳ ಸಂಖ್ಯೆಯನ್ನು x ಎನ್ನೋಣ. ಆ ಸಾಲಿನ ಎರಡು ನಕ್ಷತ್ರಗಳ ಮೊತ್ತ 9, ಹಾಗಾಗಿ ಅಲ್ಲಿನ ಹಿರಿಯರು 9 − x. ಮಕ್ಕಳ ಕಾಲಂನ ನಕ್ಷತ್ರಗಳ ಮೊತ್ತ 8, ಹಾಗಾಗಿ ಗ್ರಾಮ 4ರ ಮಕ್ಕಳು 8 − x. ಉಳಿದ ಮೂಲೆ 1 + x. ಯಾವುದೂ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ, ಅಂದರೆ x ಎಂಬುದು 0ಯಿಂದ 8ರವರೆಗೆ ಏನು ಬೇಕಾದರೂ ಆಗಬಹುದು. ಈ ಅಗಲ ನನಗೆ ಸಾಕು. ಅದು 2ರಿಂದ 3 ಎಂದು ಬಂದಿದ್ದರೆ, ನಕ್ಷತ್ರ ಹಾಕಿಯೂ ಸಂಖ್ಯೆಯನ್ನೇ ಹೇಳಿದಂತೆ. ಕೋಷ್ಟಕದ ಮೇಲೆ ಎಷ್ಟೇ ನಕ್ಷತ್ರಗಳಿರಲಿ, ನಾನು ಈಗ ನಂಬುವುದು ಈ ಕನಿಷ್ಠ–ಗರಿಷ್ಠದ ಅಂತರವನ್ನು ಮಾತ್ರ. ಕೈಯಲ್ಲಿ ಮಾಡಲಾಗದಷ್ಟು ಚೌಕಗಳಿದ್ದಾಗ ಇದನ್ನು ಪೈಥಾನ್‌ಗೆ ಒಪ್ಪಿಸುತ್ತೇನೆ:

```python
from scipy.optimize import linprog

A = [[1,1,0,0], [0,0,1,1], [1,0,1,0], [0,1,0,1]]
s = [9, 9, 8, 10]
for i in range(4):
    k = [0]*4
    k[i] = 1
    lo = linprog(k, A_eq=A, b_eq=s).fun
    hi = -linprog([-v for v in k], A_eq=A, b_eq=s).fun
    print(i, lo, hi)
```

`A`ಯ ಒಂದೊಂದು ಸಾಲೂ ಯಾವ ನಕ್ಷತ್ರಗಳನ್ನು ಕೂಡಬೇಕೆಂದು ಹೇಳುತ್ತದೆ, `s`ನಲ್ಲಿ ಆ ಮೊತ್ತಗಳಿವೆ. ಚೌಕಗಳ ಕ್ರಮ: ಗ್ರಾಮ 2ರ ಮಕ್ಕಳು, ಹಿರಿಯರು, ಆಮೇಲೆ ಗ್ರಾಮ 4ರ ಮಕ್ಕಳು, ಹಿರಿಯರು. ನಾಲ್ಕು ಚೌಕಗಳಿಗೆ ಬರುವ ಉತ್ತರ ಕ್ರಮವಾಗಿ 0–8, 1–9, 0–8, 1–9. ಜಿಲ್ಲೆಗಟ್ಟಲೆ ಗ್ರಾಮಗಳಿದ್ದರೆ ಯಾವ ಚೌಕಗಳನ್ನು ಹೆಚ್ಚುವರಿಯಾಗಿ ಮರೆಮಾಡಬೇಕೆಂದು ಹುಡುಕುವುದೇ ದೊಡ್ಡ ಕೆಲಸ. ಅದಕ್ಕೆ τ-ARGUS ಎಂಬ ತಂತ್ರಾಂಶವೂ ಆರ್ ಭಾಷೆಯಲ್ಲಿ sdcTable ಎಂಬ ಪ್ಯಾಕೇಜೂ ಇವೆ.

ಇಷ್ಟಾದ ಮೇಲೂ ಮುದ್ರಣಕ್ಕೆ ಹೋಗುವ ಮುನ್ನ ಒಂದು ಎಡವಟ್ಟು ಆಗುತ್ತಿತ್ತು. ಅಚ್ಚುಕಟ್ಟಾಗಿರಲಿ ಎಂದು, ನಿಜವಾಗಿ ಸಣ್ಣದಾಗಿದ್ದ ಚೌಕಗಳಲ್ಲಿ "<5" ಎಂದೂ, ಜೊತೆಗೆ ಮರೆಮಾಡಿದವುಗಳಲ್ಲಿ "*" ಎಂದೂ ಹಾಕಿದ್ದೆ. ಪ್ರಾಮಾಣಿಕತೆ ತೋರಿಸುವ ಉತ್ಸಾಹ! ಆದರೆ ಆಗ ಓದುಗನಿಗೆ x 5ಕ್ಕಿಂತ ಕಡಿಮೆ, 1 + x ಕೂಡ 5ಕ್ಕಿಂತ ಕಡಿಮೆ ಎಂದು ಸಿಕ್ಕಿಬಿಡುತ್ತದೆ. ಸೊನ್ನೆ ಇದ್ದರೆ ಸೊನ್ನೆ ಎಂದೇ ಬರೆಯುತ್ತೇವೆ ಎಂಬುದು ಅಡಿಟಿಪ್ಪಣಿಯಲ್ಲಿತ್ತು. ಹೀಗಾಗಿ x ಆಗಬಹುದಾದದ್ದು 1, 2 ಅಥವಾ 3. ಒಂಬತ್ತು ಸಾಧ್ಯತೆಗಳು ಮೂರಕ್ಕೆ ಇಳಿದವು, ಅದೂ ಬರೀ ಚಿಹ್ನೆಯ ವ್ಯತ್ಯಾಸದಿಂದ. ಅಂದಿನಿಂದ ಎಲ್ಲಕ್ಕೂ ಒಂದೇ ಚಿಹ್ನೆ. ಒಂದೇ ಚಿಹ್ನೆ ಇದ್ದಾಗ, ಸೊನ್ನೆಯ ನಿಯಮ ಗೊತ್ತಿದ್ದರೂ x 1ರಿಂದ 7ರವರೆಗೆ ಎಲ್ಲಿ ಬೇಕಾದರೂ ಇರಬಹುದು.

ಇನ್ನೊಂದು ಸೋರಿಕೆ ವರದಿಯ ಒಳಗೇ ಇತ್ತು. ಕೋಷ್ಟಕಕ್ಕೆ ಎರಡು ಪುಟ ಹಿಂದೆ, ವಿವರಣೆ ಬರೆದವರು "ಗ್ರಾಮ 2ರಲ್ಲಿ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಶೇ. 8.7ರಷ್ಟು ಮಕ್ಕಳು" ಎಂದು ಬರೆದಿದ್ದರು. ಒಟ್ಟು 23 ಎಂದು ಗೊತ್ತಿದ್ದವರಿಗೆ ಇದು ತೆರೆದ ಬಾಗಿಲು. 23ರಲ್ಲಿ 1 ಎಂದರೆ ಶೇ. 4.3, 3 ಎಂದರೆ ಶೇ. 13.0. 8.7 ಕೊಡುವುದು 2 ಮಾತ್ರ. ಸಣ್ಣ ಒಟ್ಟಿನ ಮೇಲೆ ಲೆಕ್ಕ ಹಾಕಿದ ಶೇಕಡಾವಾರು ಎಂದರೆ ವೇಷ ಹಾಕಿದ ಎಣಿಕೆ. ಚೌಕ ಮರೆಯಾದರೆ ಅದರ ಶೇಕಡಾವಾರು, ಅದರ ಕಂಬನಕ್ಷೆ, ಅದರ ಬಗೆಗಿನ ವಾಕ್ಯ ಎಲ್ಲವೂ ಮರೆಯಾಗಬೇಕು. ಎಕ್ಸೆಲ್ ಕಡತದ ಬಗ್ಗೆ ಬೇರೆ ಹೇಳಬೇಕಿಲ್ಲ. ಅಡಗಿಸಿಟ್ಟ ಕಾಲಂ, ಪಿವೋಟ್ ಕೋಷ್ಟಕದ ಬೆನ್ನಿಗೆ ಅಂಟಿಕೊಂಡ ಮೂಲ ದತ್ತಾಂಶ ಇವೆಲ್ಲ ಕಡತದ ಜೊತೆಗೇ ಹೊರಟುಬಿಡುತ್ತವೆ. ನಾನು ಕಳುಹಿಸುವುದು ಸಿಎಸ್‌ವಿ ಮಾತ್ರ, ಅದನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿದ ಮೇಲೆ.

ಸಣ್ಣ ಸಂಖ್ಯೆಯೇ ಇಲ್ಲದ ಕಡೆಯೂ ಗುಟ್ಟು ರಟ್ಟಾಗುತ್ತದೆ ಎಂದು ತಿಳಿದದ್ದು ಶಾಲಾ ಫಲಿತಾಂಶದ ಕೋಷ್ಟಕವೊಂದನ್ನು ನೋಡಿಕೊಟ್ಟಾಗ. ಒಂದು ತರಗತಿಯಲ್ಲಿ 7 ಮಕ್ಕಳು. ಉತ್ತೀರ್ಣ 0, ಅನುತ್ತೀರ್ಣ 7. ನಮ್ಮ ಮಿತಿಯ ಪ್ರಕಾರ ಮರೆಮಾಡುವಂಥದ್ದು ಏನೂ ಇಲ್ಲ. ಆದರೆ ಆ ತರಗತಿಯ ಯಾವ ಮಗುವಿನ ಹೆಸರು ಹೇಳಿದರೂ ಅದರ ಫಲಿತಾಂಶ ಗೊತ್ತಾಯಿತು. ಇಲ್ಲಿ ಅಪಾಯ ಇರುವುದು 7ರಲ್ಲಲ್ಲ, ಅದರ ಪಕ್ಕದ ಸೊನ್ನೆಯಲ್ಲಿ. ತರಗತಿ 12 ಮಕ್ಕಳದ್ದಾಗಿದ್ದರೂ ಇದೇ ಮಾತು. ಅಲ್ಲಿ ನಾವು ಫಲಿತಾಂಶವನ್ನು ತರಗತಿವಾರು ಕೊಡುವುದನ್ನೇ ಬಿಟ್ಟು, ಶಾಲೆಯ ಮಟ್ಟಕ್ಕೆ ಏರಿಸಿದೆವು.

ಕೂಡಿಸುವುದೇ ನನಗೆ ಈಗ ಹೆಚ್ಚು ಇಷ್ಟ. ಮರುವರ್ಷದ ವರದಿಗೆ ಕೂರುವಾಗ ಹಳೆಯ ಕೋಷ್ಟಕವನ್ನೇ ಮುಂದಿಟ್ಟುಕೊಂಡು ನೋಡಿದೆ: ಗ್ರಾಮ 2 ಮತ್ತು 4ನ್ನು ಒಂದು ಸಾಲಾಗಿಸಿದ್ದರೆ 8, 41, 10, ಒಟ್ಟು 59. ಒಂದೂ ನಕ್ಷತ್ರ ಬೇಕಾಗುತ್ತಿರಲಿಲ್ಲ. ನಷ್ಟ ಇಲ್ಲವೆಂದಲ್ಲ, ಗ್ರಾಮ 2ರ ಆರೋಗ್ಯ ಕಾರ್ಯಕರ್ತೆಗೆ ತನ್ನ ಊರಿನ ಸಾಲೇ ಬೇಕು. ಅವರಿಗೆ ಅದು ಕಚೇರಿಯ ಒಳಗಿನ ದಾಖಲೆಯಲ್ಲಿ ಸಿಗುತ್ತದೆ, ಪ್ರಕಟಿತ ವರದಿಯಲ್ಲಿ ಸಿಗಬೇಕಾಗಿಲ್ಲ. ಹತ್ತಿರದ ಗುಣಕಕ್ಕೆ ಅಂದಾಜಿಸುವ ದಾರಿಯೂ ಇದೆ. ನ್ಯೂಜಿಲೆಂಡ್ ತನ್ನ ಜನಗಣತಿಯ ಎಣಿಕೆಗಳನ್ನು 3ರ ಗುಣಕಗಳಿಗೆ ಯಾದೃಚ್ಛಿಕವಾಗಿ ಏರಿಸಿ ಇಳಿಸಿ ಕೊಡುತ್ತದೆ. ನಾನು ಒಮ್ಮೆ ಪ್ರಯತ್ನಿಸಿ ಬಿಟ್ಟೆ, ಕೂಡಿದರೆ ಒಟ್ಟು ತಾಳೆಯಾಗುತ್ತಿಲ್ಲ ಎಂದು ಫೋನ್ ಮೇಲೆ ಫೋನ್.

ಆ ಮೊದಲ ವರ್ಷದ ವರದಿ ಹೊರಬಂದು ಎರಡು ತಿಂಗಳಾಗಿತ್ತು. ಸಂಶೋಧಕರೊಬ್ಬರಿಂದ ಪತ್ರ ಬಂತು: ಗ್ರಾಮ 2ನ್ನು ಬಿಟ್ಟು ಉಳಿದ ಮೂರು ಗ್ರಾಮಗಳ ಮಕ್ಕಳ ಒಟ್ಟು ಸಂಖ್ಯೆ ಬೇಕು. ಅವರ ಅಧ್ಯಯನ ನಡೆದದ್ದು ಆ ಮೂರರಲ್ಲಿ, ದುರುದ್ದೇಶವೇನೂ ಇರಲಿಲ್ಲ. ಉತ್ತರ 27, ಮಿತಿಗಿಂತ ಎಷ್ಟೋ ಮೇಲೆ. ಟೈಪ್ ಮಾಡಿ ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಪ್ರಕಟವಾದ 29 ನೆನಪಾಯಿತು. 29ರಿಂದ 27 ಕಳೆದರೆ ನಾವು ಇಷ್ಟು ಕಷ್ಟಪಟ್ಟು ಮುಚ್ಚಿದ 2 ಮತ್ತೆ ಮೇಜಿನ ಮೇಲೆ. ಆ ದಿನವೇ ಒಂದು ದಫ್ತರು ತೆರೆದೆ. ಯಾವ ಕೋಷ್ಟಕ, ಯಾವ ಒಟ್ಟು, ಯಾರಿಗೆ, ಯಾವಾಗ ಹೋಯಿತು ಎಂದು ಅದರಲ್ಲಿ ಬರೆದಿಡುತ್ತೇನೆ. ಹೊಸ ಕೋರಿಕೆ ಬಂದಾಗ ಅದರ ಸಂಖ್ಯೆಯನ್ನು ಮೊದಲು ಈ ಹಳೆಯವುಗಳಿಂದ ಕಳೆದು ನೋಡುತ್ತೇನೆ.

ಸಂಶೋಧಕರಿಗೆ ಎರಡು ಸಂಖ್ಯೆ ಬರೆದೆ: ಗ್ರಾಮ 1 ಮತ್ತು 3 ಸೇರಿ 21, ಗ್ರಾಮ 2 ಮತ್ತು 4 ಸೇರಿ 8. ಎರಡೂ ಪ್ರಕಟಿತ ಕೋಷ್ಟಕದಿಂದಲೇ ಹೊರಡುತ್ತವೆ, ಹೊಸದಾಗಿ ನಾನು ಏನನ್ನೂ ಕೊಡಲಿಲ್ಲ. ಅವರು ಒಂದು ವಾರದ ನಂತರ ಉತ್ತರಿಸಿ, ಅಧ್ಯಯನದಲ್ಲಿ ನಾಲ್ಕೂ ಗ್ರಾಮಗಳನ್ನು ಸೇರಿಸಿಕೊಳ್ಳುವುದಾಗಿ ತಿಳಿಸಿದರು.