ಒಡೆದ ಟೈಲ್ಸ್‌ಗೆ ಕ್ರೆಡಿಟ್ ನೋಟ್ ಪಡೆದ ಕ್ರಮ: ನನ್ನ ಅನುಭವ

ಗುಜರಾತಿನ ಮೋರ್ಬಿಯಿಂದ ಕಲಬುರಗಿಯ ನಮ್ಮ ಅಂಗಡಿಗೆ ಬರಬೇಕಿದ್ದ 200 ಬಾಕ್ಸ್ ಟೈಲ್ಸ್‌ಗಳಲ್ಲಿ 6 ಬಾಕ್ಸ್ ಬಂದಿರಲಿಲ್ಲ, 9 ಬಾಕ್ಸ್ ಒಡೆದಿದ್ದವು. ಬಿಲ್ ಮಾತ್ರ ಪೂರ್ತಿ 200ಕ್ಕಿತ್ತು.

ಫೋನ್ ಮಾಡಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದು ಫಲಿಸಲಿಲ್ಲ. ನಾವೇ ಡೆಬಿಟ್ ನೋಟ್ ಕಳಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಮಾರಿದವರ ತೆರಿಗೆ ಹೊಣೆ ಇಳಿಯುವುದು ಬಿಲ್ ಮೊತ್ತ ಇಳಿಸಿ ಅವರೇ ಹೊರಡಿಸುವ ಕ್ರೆಡಿಟ್ ನೋಟ್‌ನಿಂದ. ಮುಂದೆ ಅವರು ಜಿಎಸ್‌ಟಿ ಇಲ್ಲದೆ ಬರೀ ಮಾಲಿನ ಬೆಲೆ ಬಿಡಲು ಒಪ್ಪಿದರು. ಆದರೆ ಕೈಗೆ ಬಾರದ ಮತ್ತು ಹಾಳಾದ ಮಾಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲವಾದ್ದರಿಂದ ಆ ತೆರಿಗೆ ನಮ್ಮ ತಲೆಗೇ ಬರುತ್ತಿತ್ತು.

ಕೊನೆಗೆ ಕೆಲಸ ಮಾಡಿದ್ದು ಬಿಲ್ಟಿ, ಅಂದರೆ ಲಾರಿಯವರು ಮಾಲಿಗೆ ಕೊಡುವ ರಸೀದಿ. ಮಾಲು ಇಳಿಸುವಾಗಲೇ ಅದರ ಹಿಂಬದಿಯಲ್ಲಿ ‘6 ಕಡಿಮೆ, 9 ಒಡೆದಿವೆ’ ಎಂದು ಬರೆದು ಚಾಲಕನ ಸಹಿ ಪಡೆದಿದ್ದೆವು. ಅದರ ಪ್ರತಿಯೊಂದಿಗೆ ಮೂಲ ಬಿಲ್ ಸಂಖ್ಯೆ, ದಿನಾಂಕ ಮತ್ತು ಈ ಲೆಕ್ಕವನ್ನು ಅವರ ಲೆಕ್ಕಪತ್ರ ವಿಭಾಗಕ್ಕೆ ಇಮೇಲ್ ಮಾಡಿದೆ: 15 ಬಾಕ್ಸ್, ತಲಾ ₹400ರಂತೆ ₹6,000, 18% ಐಜಿಎಸ್‌ಟಿ ₹1,080, ಒಟ್ಟು ₹7,080. ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಡಿ ತೆರಿಗೆಸಹಿತ ಕ್ರೆಡಿಟ್ ನೋಟ್ ಬೇಕೆಂದೂ ಸ್ಪಷ್ಟವಾಗಿ ಬರೆದೆ.

ನೋಟ್ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಇನ್‌ಪುಟ್ ಕ್ರೆಡಿಟ್ ತೋರಿಸುವ ಪಟ್ಟಿಯಾದ GSTR-2Bಯಲ್ಲಿ ಕಾಣಿಸಿದ ಮೇಲೆ ₹1,080 ಇನ್‌ಪುಟ್ ಕ್ರೆಡಿಟ್ ಕಡಿಮೆ ಮಾಡಿ, ಬಾಕಿಯಲ್ಲಿ ₹7,080 ಕಳೆದು ಪಾವತಿಸಿದೆವು. ಮಾರಿದವರು ಈ ನೋಟನ್ನು ತಮ್ಮ ಜಿಎಸ್‌ಟಿ ರಿಟರ್ನ್‌ನಲ್ಲಿ, ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನದೊಳಗೆ, ತೋರಿಸಬೇಕು.