ಮೆಲ್ಬರ್ನ್‌ನ ಶಾಲೆಗೆ ಊಟದ ಡಬ್ಬಿ: ಹೊಸದಾಗಿ ಬಂದ ಕನ್ನಡದ ಪೋಷಕರಿಗೆ

ನಮ್ಮೂರಿನ ಸರ್ಕಾರಿ ಶಾಲೆಗಳಲ್ಲಿರುವಂತೆ ಮೆಲ್ಬರ್ನ್‌ನ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಬಿಸಿಯೂಟ ಬಡಿಸುವ ವ್ಯವಸ್ಥೆ ಇಲ್ಲ. ಕೆಲವು ಶಾಲೆಗಳಲ್ಲಿ ಕ್ಯಾಂಟೀನ್ ಇದ್ದರೂ ಅದು ವಾರದ ಕೆಲವೇ ದಿನ ತೆರೆದಿರಬಹುದು, ಮುಂಚಿತವಾಗಿ ಹಣ ಕೊಟ್ಟು ಊಟ ಹೇಳಿಡಬೇಕಾಗಬಹುದು. ಆದ್ದರಿಂದ ಹೆಚ್ಚಿನ ಮಕ್ಕಳು ಮನೆಯಿಂದಲೇ ಡಬ್ಬಿ ತರುತ್ತಾರೆ. ಜನವರಿಯ ಕೊನೆಯಲ್ಲಿ ಶಾಲೆ ಆರಂಭವಾಗುವಾಗ ಶಾಲೆಯ ಮೊದಲ ವರ್ಷವಾದ ಪ್ರೆಪ್ ತರಗತಿಗೆ ಸೇರುವ ಮಗುವಿನ ತಂದೆತಾಯಿಗಳು ಏನು ಕಳಿಸುವುದು ಎಂದು ಕೇಳುತ್ತಾರೆ. ನಾನು ಅವರಿಗೆ ಮೊದಲು ತಿನಿಸುಗಳ ಪಟ್ಟಿಯನ್ನು ಕೊಡುವುದಿಲ್ಲ; ಆ ಡಬ್ಬಿ ಶಾಲೆಯಲ್ಲಿ ಯಾವ ಸ್ಥಿತಿಯಲ್ಲಿ ಇರುತ್ತದೆ, ಮಗು ಅದನ್ನು ಯಾವಾಗ ತೆರೆಯುತ್ತದೆ ಎಂಬುದನ್ನು ವಿವರಿಸುತ್ತೇನೆ. ಅದು ತಿಳಿದರೆ ನಿಮ್ಮ ಮನೆಯಲ್ಲಿ ರೂಢಿಯಲ್ಲಿರುವ ಅಡುಗೆಯಲ್ಲಿಯೇ ಹೊಂದುವುದು ಯಾವುದೆಂದು ನೀವೇ ಆರಿಸಬಲ್ಲಿರಿ.

ಸಾಮಾನ್ಯವಾಗಿ ಮಗು ದಿನದಲ್ಲಿ ಮೂರು ಸಲ ತಿನ್ನುತ್ತದೆ. ಬೆಳಿಗ್ಗೆ ಪಾಠದ ನಡುವೆಯೇ ಹಣ್ಣು ಅಥವಾ ಹಸಿ ತರಕಾರಿಯ ಚಿಕ್ಕ ವಿರಾಮ, ಆಮೇಲೆ ರಿಸೆಸ್ ಎಂಬ ಆಟದ ವಿರಾಮದಲ್ಲಿ ಒಂದು ತಿಂಡಿ, ಮಧ್ಯಾಹ್ನ ಊಟ. ವೇಳೆಯೂ ಕ್ರಮವೂ ಶಾಲೆಯಿಂದ ಶಾಲೆಗೆ ಬದಲಾಗುತ್ತವೆ, ಹಾಗಾಗಿ ತರಗತಿಯ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳಬೇಕು. ಚಿಕ್ಕ ತರಗತಿಗಳಲ್ಲಿ ಊಟಕ್ಕೆಂದು ಮಕ್ಕಳನ್ನು ಒಳಗೆ ಕೂರಿಸುವ ಸಮಯ ಅನೇಕ ಕಡೆ ಹತ್ತು ಹದಿನೈದು ನಿಮಿಷ ಮಾತ್ರ. ಅದು ಮುಗಿದ ಕೂಡಲೇ ಆಟ, ಆಟದ ಕರೆ ಕೇಳಿದ ಮೇಲೆ ಮಗುವಿನ ಗಮನ ಡಬ್ಬಿಯ ಮೇಲೆ ಇರುವುದಿಲ್ಲ. ಶಾಲೆಯ ಚೀಲವು ತರಗತಿಯ ಹೊರಗಿನ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ. ಮಕ್ಕಳ ಡಬ್ಬಿಗಳಿಗೆ ಫ್ರಿಜ್ ಇರುವುದಿಲ್ಲ, ಬಿಸಿ ಮಾಡಿಕೊಡುವವರೂ ಇರುವುದಿಲ್ಲ.

ಇದರಿಂದಾಗಿ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದುದು ಶಾಖದ ವಿಷಯ. ಇಲ್ಲಿಯ ಆಹಾರ ಸುರಕ್ಷತೆಯ ನಿಯಮದಂತೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವ ಬೇಯಿಸಿದ ಆಹಾರದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಬೆಳಿಗ್ಗೆ ಎಂಟಕ್ಕೆ ತುಂಬಿದ ಡಬ್ಬಿಯನ್ನು ಮಗು ಒಂದು ಗಂಟೆಯ ಹೊತ್ತಿಗೆ ತೆರೆಯುತ್ತದೆಯಾದರೆ ನಡುವೆ ಐದು ಗಂಟೆಗಳ ಅಂತರವಿದೆ, ಫೆಬ್ರುವರಿಯಲ್ಲಿ ಹೊರಗಿನ ಶಾಖ ಕೆಲವು ದಿನ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಇದ್ದರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಅನ್ನವನ್ನು ಚೆನ್ನಾಗಿ ಬಿಸಿಯಾಗಿ ಅಥವಾ ಚೆನ್ನಾಗಿ ತಣ್ಣಗೆ ಕಳಿಸಬೇಕು. ನಡುವಿನ ಸ್ಥಿತಿಯಲ್ಲಿ ಕಳಿಸಬಾರದು.

ಬಿಸಿಯಾಗಿ ಕಳಿಸುವುದಾದರೆ ಅಗಲ ಬಾಯಿಯ ಚಿಕ್ಕ ಥರ್ಮಸ್ ಬೇಕು. ಅದಕ್ಕೆ ಕುದಿಯುವ ನೀರನ್ನು ತುಂಬಿ ಮುಚ್ಚಳ ಹಾಕಿ ಹತ್ತು ನಿಮಿಷ ಇಟ್ಟು, ನೀರನ್ನು ಚೆಲ್ಲಿ, ಹಬೆಯಾಡುತ್ತಿರುವ ಆಹಾರವನ್ನು ತಕ್ಷಣ ಬಾಯಿಮಟ್ಟ ತುಂಬಬೇಕು. ಅರ್ಧ ತುಂಬಿದ ಥರ್ಮಸ್ ಬೇಗ ತಣಿಯುತ್ತದೆ. ಬಿಸಿಬೇಳೆಬಾತ್, ಪೊಂಗಲ್, ಉಪ್ಪಿಟ್ಟು ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತವೆಯಾದ್ದರಿಂದ ಮನೆಯಲ್ಲಿ ತಿನ್ನುವುದಕ್ಕಿಂತ ಸ್ವಲ್ಪ ತೆಳ್ಳಗೆ ಮಾಡಬೇಕು. ಥರ್ಮಸ್‌ನ ಮುಚ್ಚಳ ಬಿಗಿದುಕೊಂಡು ಚಿಕ್ಕ ಕೈಗೆ ತೆರೆಯಲು ಬಾರದಿರುವುದುಂಟು. ಶಾಲೆಗೆ ಕಳಿಸುವ ಮೊದಲು ರಜೆಯ ದಿನದಲ್ಲಿ ಬೆಳಿಗ್ಗೆ ತುಂಬಿಟ್ಟು ಮಧ್ಯಾಹ್ನ ಮಗುವಿನಿಂದಲೇ ತೆರೆಸಿ ನೋಡಿ, ಆಹಾರ ಇನ್ನೂ ಬಿಸಿಯಾಗಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ತಣ್ಣಗೆ ಕಳಿಸುವುದಾದರೆ ಶಾಖ ತಡೆಯುವ ಚೀಲವೊಂದು, ಫ್ರೀಜರ್‌ನಲ್ಲಿ ಇಟ್ಟ ಐಸ್ ಬ್ರಿಕ್ ಒಂದು ಸಾಕು. ಐಸ್ ಬ್ರಿಕ್ ಇಲ್ಲದಿದ್ದರೆ ಮುಕ್ಕಾಲು ತುಂಬಿದ ಚಿಕ್ಕ ನೀರಿನ ಬಾಟಲಿಯನ್ನು ರಾತ್ರಿ ಫ್ರೀಜರ್‌ನಲ್ಲಿ ಇಟ್ಟು ಡಬ್ಬಿಗೆ ತಾಗಿಸಿಡಬಹುದು, ಮಧ್ಯಾಹ್ನ ಅದೇ ಕುಡಿಯುವ ನೀರೂ ಆಗುತ್ತದೆ. ಮೊಸರನ್ನ ಈ ವಿಧಾನಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಊರಿನಲ್ಲಿ ಬಿಸಿ ಅನ್ನಕ್ಕೆ ಹಾಲು ಬೆರೆಸಿ ಸ್ವಲ್ಪವೇ ಮೊಸರು ಹಾಕಿ ಕಟ್ಟಿದರೆ ಮಧ್ಯಾಹ್ನಕ್ಕೆ ಹದವಾಗುತ್ತಿತ್ತು. ಇಲ್ಲಿ ಹಾಗೆ ಮಾಡದೆ, ತಣಿದ ಅನ್ನಕ್ಕೆ ಫ್ರಿಜ್‌ನ ಮೊಸರನ್ನೂ ಸ್ವಲ್ಪ ತಣ್ಣನೆಯ ಹಾಲನ್ನೂ ಬೆರೆಸಿ ಸಡಿಲವಾಗಿ ಕಲಸಿ ಐಸ್ ಬ್ರಿಕ್‌ನ ಜೊತೆ ಇಡಬೇಕು.

ಒಂದು ಚಿತ್ರಾನ್ನದ ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಐದಾರು ವರ್ಷದ ಮಗುವಿಗೆ ಕಾಲು ಕಪ್ ಅಕ್ಕಿಯ ಅನ್ನ ಸಾಮಾನ್ಯವಾಗಿ ಸಾಕಾಗುತ್ತದೆ. ರಾತ್ರಿಯ ಅಡುಗೆಯಲ್ಲಿಯೇ ಆ ಪಾಲನ್ನು ತೆಗೆದು ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್‌ನಲ್ಲಿ ಇಡಬೇಕು. ತಣ್ಣನೆಯ ಅನ್ನ ಬಿರುಸಾಗುತ್ತದೆಯಾದ್ದರಿಂದ ಅಕ್ಕಿಗೆ ನೀರು ಸ್ವಲ್ಪ ಮುಂದಾಗಿಯೇ ಇರಲಿ. ಬೆಳಿಗ್ಗೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು ಹಾಕಿ, ಎರಡು ಮೂರು ಚಮಚ ಫ್ರೋಜನ್ ಬಟಾಣಿಯನ್ನೂ ತುರಿದ ಕ್ಯಾರೆಟನ್ನೂ ಬಾಡಿಸಿ, ಅರಿಸಿನ ಉಪ್ಪು ಸೇರಿಸಬೇಕು. ಡಬ್ಬಿಯನ್ನು ತಣ್ಣಗೆ ಕಳಿಸುವುದಾದರೆ ಈ ಒಗ್ಗರಣೆ ಆರಿದ ಮೇಲೆಯೇ ಅನ್ನಕ್ಕೆ ಬೆರೆಸಿ ನಿಂಬೆರಸ ಹಿಂಡಿ, ಐಸ್ ಬ್ರಿಕ್ ಇಡಬೇಕು. ಥರ್ಮಸ್‌ಗೆ ಹಾಕುವುದಾದರೆ ಅನ್ನವನ್ನು ಒಗ್ಗರಣೆಯಲ್ಲಿ ಹಬೆ ಏಳುವವರೆಗೆ ಬಿಸಿ ಮಾಡಬೇಕು. ಜೊತೆಗೆ ನಾಲ್ಕು ಚಮಚ ಹೆಸರುಕಾಳಿನ ಉಸಲಿ ಅಥವಾ ಒಂದು ಬೇಯಿಸಿದ ಮೊಟ್ಟೆ ಅಥವಾ ಕೆಲವು ತುಂಡು ಪನೀರ್ ಇದ್ದರೆ ಸಂಜೆಯವರೆಗೂ ಮಗುವಿನ ಹೊಟ್ಟೆ ತಡೆಯುತ್ತದೆ.

ಇದರಲ್ಲಿ ನಾನು ಕಡಲೆಕಾಯಿಬೀಜವನ್ನು ಹೇಳಲಿಲ್ಲ. ತೀವ್ರ ಅಲರ್ಜಿ ಇರುವ ಮಗುವಿಗೆ ಅದರ ಅತ್ಯಲ್ಪ ಅಂಶದಿಂದಲೂ ಉಸಿರಾಟಕ್ಕೆ ಅಪಾಯ ಉಂಟಾಗಬಹುದು. ವಿಕ್ಟೋರಿಯಾದ ಶಿಕ್ಷಣ ಇಲಾಖೆ ಆಹಾರವನ್ನು ಸಾರಾಸಗಟಾಗಿ ನಿಷೇಧಿಸುವಂತೆ ಶಾಲೆಗಳಿಗೆ ಹೇಳುವುದಿಲ್ಲ, ಆದರೂ ಕಡಲೆಕಾಯಿ, ಗೋಡಂಬಿ, ಬಾದಾಮಿಗಳನ್ನು ಕಳಿಸಬೇಡಿರೆಂದು ಅನೇಕ ಶಾಲೆಗಳು ಪೋಷಕರನ್ನು ಕೇಳಿಕೊಳ್ಳುತ್ತವೆ. ನಿಮ್ಮ ಮಗುವಿನ ತರಗತಿಯಲ್ಲಿ ಎಳ್ಳು ಅಥವಾ ಮೊಟ್ಟೆಯ ವಿಷಯದಲ್ಲಿಯೂ ಇಂಥ ಕೋರಿಕೆ ಇರಬಹುದು. ನಮ್ಮ ಅಡುಗೆಯಲ್ಲಿ ಇವು ಕಣ್ಣಿಗೆ ಬೀಳದ ಕಡೆಗಳಲ್ಲಿ ಇರುತ್ತವೆ: ಊರಿನಿಂದ ಬಂದ ಚಟ್ನಿಪುಡಿಯಲ್ಲಿ, ಪುಳಿಯೋಗರೆಯ ಗೊಜ್ಜಿನಲ್ಲಿ, ಎಣ್ಣೆಗಾಯಿಯಲ್ಲಿ, ಅವಲಕ್ಕಿಯ ಒಗ್ಗರಣೆಯಲ್ಲಿ, ಖಾರದ ಮಿಕ್ಸ್ಚರ್‌ನಲ್ಲಿ. ಅಜ್ಜಿ ಕಳಿಸಿದ ಚಟ್ನಿಪುಡಿಯನ್ನು ಮನೆಯ ಊಟಕ್ಕೆ ಇಟ್ಟುಕೊಂಡು, ಶಾಲೆಯ ಇಡ್ಲಿಗೆ ಹುರಿಗಡಲೆ, ಕರಿಬೇವು, ಸ್ವಲ್ಪ ಮೆಣಸಿನಪುಡಿಯಿಂದ ಬೇರೆಯಾಗಿ ಮಾಡಿಕೊಳ್ಳುವುದು ಒಳ್ಳೆಯದು. ಮಕ್ಕಳು ಡಬ್ಬಿಯ ಆಹಾರವನ್ನು ಹಂಚಿಕೊಳ್ಳಬಾರದೆಂದು ಶಾಲೆ ಹೇಳುವುದಕ್ಕೂ ಈ ಅಲರ್ಜಿಯೇ ಮುಖ್ಯ ಕಾರಣ. ಹಂಚಿ ತಿನ್ನಬೇಕೆಂದು ಕಲಿತು ಬಂದ ನಮ್ಮ ಮಗುವಿಗೆ ಇದು ಕಷ್ಟವಾಗುತ್ತದೆಯಾದ್ದರಿಂದ ಕಾರಣವನ್ನು ಮನೆಯಲ್ಲಿಯೇ ಬಿಡಿಸಿ ಹೇಳಿರಬೇಕು.

ಖರ್ಚಿನ ಮಾತಿಗೆ ಬಂದರೆ, ಡಬ್ಬಿಯಲ್ಲಿ ದುಬಾರಿಯಾಗುವುದು ಒಂದೊಂದೇ ಹೊತ್ತಿಗೆಂದು ಕಟ್ಟಿದ ಪೊಟ್ಟಣಗಳು. ಚಿಕ್ಕ ಮೊಸರಿನ ಪೌಚಿನ ಬದಲು ಒಂದು ಕಿಲೋ ಡಬ್ಬದ ಮೊಸರನ್ನು ತಂದು ಮುಚ್ಚಳ ಬಿಗಿಯಾದ ಪುಟ್ಟ ಡಬ್ಬಿಗೆ ಹಾಕಿದರೆ ಬಹಳಷ್ಟು ಉಳಿಯುತ್ತದೆ, ಜ್ಯೂಸಿನ ಬದಲು ನಲ್ಲಿಯ ನೀರು ಸಾಕು. ಒಣ ಕಾಳುಗಳು ಈ ಊರಿನಲ್ಲಿಯೂ ಅಗ್ಗ. ಒಂದು ಕಪ್ ಕಾಬೂಲಿ ಕಡಲೆ ನೆನೆದು ಬೆಂದರೆ ಎರಡೂವರೆ ಕಪ್ಪಿನಷ್ಟಾಗುತ್ತದೆ, ಅದನ್ನು ಭಾಗ ಮಾಡಿ ಫ್ರೀಜರ್‌ನಲ್ಲಿ ಇಟ್ಟರೆ ವಾರದ ಉಸಲಿ ಸಿದ್ಧವಾದಂತೆ. ಹಣ್ಣನ್ನು ಕಾಲಕ್ಕೆ ತಕ್ಕಂತೆ ಕೊಳ್ಳಬೇಕು: ಚಳಿಗಾಲದಲ್ಲಿ ಮ್ಯಾಂಡರಿನ್, ಶರತ್ಕಾಲದಿಂದ ಸೇಬು, ವರ್ಷವಿಡೀ ಬಾಳೆಹಣ್ಣು. ಡ್ಯಾಂಡಿನಾಂಗ್ ಅಥವಾ ಫುಟ್ಸ್‌ಕ್ರೇ ಮಾರುಕಟ್ಟೆಯಲ್ಲಿ ಮುಚ್ಚುವ ಹೊತ್ತಿಗೆ ಬೆಲೆ ಇಳಿಸುವುದುಂಟು. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಆಕಾರ ಕೆಟ್ಟ ಹಣ್ಣು ತರಕಾರಿಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ಹೆಚ್ಚಿ ಕಳಿಸುವ ಡಬ್ಬಿಗೆ ಆಕಾರದಿಂದ ಏನೂ ಆಗಬೇಕಾಗಿಲ್ಲ. ತೀರ ಚಿಕ್ಕ ಮಕ್ಕಳಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಬೇಕು, ಇಡಿಯ ದ್ರಾಕ್ಷಿ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು.

ಮೊದಲ ವಾರಗಳಲ್ಲಿ ಡಬ್ಬಿ ತುಂಬಿದ ಹಾಗೆಯೇ ಮನೆಗೆ ಬರುವುದು ಸಾಮಾನ್ಯ. ಆಗ ಮಗುವಿಗೆ ಈ ಅಡುಗೆ ಬೇಡವಾಗಿದೆ ಎಂದು ತಾಯಿ ನೊಂದುಕೊಳ್ಳುವುದನ್ನು ನೋಡಿದ್ದೇನೆ. ಮನೆಯಲ್ಲಿ ಇಷ್ಟಪಟ್ಟು ತಿನ್ನುವ ಚಪಾತಿ ಪಲ್ಯ ಹಾಗೆಯೇ ಬಂದರೆ ಮೊದಲು ಕೈ ಮತ್ತು ಸಮಯದ ತೊಂದರೆಯನ್ನು ಊಹಿಸಿ. ಚಪಾತಿಯನ್ನು ಹರಿದು ಪಲ್ಯ ಹಿಡಿದು ತಿನ್ನಲು ಹತ್ತು ನಿಮಿಷ ಸಾಲದಿರಬಹುದು. ನೀರಿಲ್ಲದ ಆಲೂಗಡ್ಡೆ ಪಲ್ಯವನ್ನು ಒಳಗಿಟ್ಟು ಸುರುಳಿ ಸುತ್ತಿ ಎರಡು ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿದರೆ ಅದೇ ಊಟ ಮುಗಿದುಬಿಡುತ್ತದೆ. ಹಿಟ್ಟನ್ನು ಸ್ವಲ್ಪ ಮೊಸರು ಹಾಕಿ ನಾದಿ, ಚಪಾತಿಯ ಬಿಸಿ ಆರಿದ ಮೇಲೆ ಕಟ್ಟಿದರೆ ಮೆತ್ತಗೂ ಇರುತ್ತದೆ, ಬೆವರುವುದೂ ಇಲ್ಲ. ಅಷ್ಟಾದರೂ ಬೆಳಗಿನ ಹಣ್ಣು ಮುಗಿದು ಊಟ ಮಾತ್ರ ಉಳಿಯುತ್ತಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಶಾಲೆಯಿಂದ ಬಂದ ಕೂಡಲೇ ಬಿಸಿಯಾಗಿ ಊಟ ಕೊಡಿ. ಪಕ್ಕದ ಮಗು ಏನೋ ಅಂದದ್ದರಿಂದ ತಿನ್ನಲಿಲ್ಲವೆಂದು ತಿಳಿದುಬಂದರೆ ಶಿಕ್ಷಕರಿಗೆ ಶಾಂತವಾಗಿ ತಿಳಿಸಬೇಕು. ಆ ನಡುವೆ ಮಗು ಇಲ್ಲಿಯವರು ಬ್ರೆಡ್ಡಿಗೆ ಹಚ್ಚಿ ತಿನ್ನುವ ಉಪ್ಪುಪ್ಪಾದ ವೆಜಿಮೈಟ್‌ನ ಸ್ಯಾಂಡ್‌ವಿಚ್ ಬೇಕೆಂದರೆ ಕಟ್ಟಿಕೊಡುವುದರಲ್ಲಿ ಯಾವ ತಪ್ಪೂ ಇಲ್ಲ, ರಾತ್ರಿ ಮನೆಯಲ್ಲಿ ಮುದ್ದೆಯೋ ರೊಟ್ಟಿಯೋ ಹೇಗೂ ಇದ್ದೇ ಇರುತ್ತದೆ.

ನಮ್ಮ ಮಕ್ಕಳಿಗೂ ಒಂದು ಮಾತು ಕಲಿಸಬೇಕು. ಪಕ್ಕದ ಮಗುವಿನ ಡಬ್ಬಿಯಲ್ಲಿ ಮೀನೋ ಹಂದಿಮಾಂಸವೋ ಕಂಡಾಗ ಛೀ ಎನ್ನದೆ, ನಾನು ಅದನ್ನು ತಿನ್ನುವುದಿಲ್ಲ ಎಂದಷ್ಟೇ ಹೇಳುವುದನ್ನು ಮಗು ಕಲಿಯಬಲ್ಲದು. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ಶಾಲೆಯ ಗೇಟಿನ ಬಳಿ ಇನ್ನೊಬ್ಬರ ಮಗು ದಿನವೂ ಚಿಪ್ಸ್ ತರುತ್ತದಂತೆ ಎಂಬ ಮಾತು ಬಂದಾಗ ಅದನ್ನು ಮುಂದುವರಿಸಬೇಡಿ. ರಾತ್ರಿ ಪಾಳಿ ಮುಗಿಸಿ ಬಂದ ತಂದೆಯೊಬ್ಬರು ಬ್ರೆಡ್ಡಿನ ಜೊತೆ ಚಿಪ್ಸ್ ಪೊಟ್ಟಣವನ್ನು ಕಳಿಸಿರಬಹುದು. ಕೆಲವು ಮಕ್ಕಳಿಗೆ ಆಹಾರದ ಮೃದುತ್ವ, ವಾಸನೆ, ಬಣ್ಣಗಳನ್ನು ತಾಳಿಕೊಳ್ಳುವುದೇ ಕಷ್ಟವಾಗಿ, ತಿನ್ನುವುದು ನಾಲ್ಕೇ ಪದಾರ್ಥವಾದರೆ ಆ ನಾಲ್ಕನ್ನೇ ಕಳಿಸುವಂತೆ ವೈದ್ಯರೇ ಹೇಳಿರಬಹುದು. ಸಲಹೆ ಕೇಳಿದವರಿಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರೆಂದು ಹೇಳಿ, ಅವರ ಡಬ್ಬಿಯನ್ನು ತೂಗಿ ನೋಡಬೇಡಿ. ಶಿಕ್ಷಕರಿಂದ ನಿಮ್ಮ ಮಗುವಿನ ಡಬ್ಬಿಯ ಬಗ್ಗೆ ಚೀಟಿ ಬಂದರೆ ಅದು ಅಲರ್ಜಿಗೆ ಸಂಬಂಧಿಸಿದ್ದೇ, ಶಾಲೆಯ ನಿಯಮಕ್ಕೆ ಸಂಬಂಧಿಸಿದ್ದೇ ಎಂದು ಕೇಳಿ ತಿಳಿದುಕೊಳ್ಳಿ. ಉಸಲಿ ಅಥವಾ ಪುಳಿಯೋಗರೆ ಎಂದರೆ ಏನು, ಅದರಲ್ಲಿ ಏನೇನಿದೆ ಎಂದು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಹೆಚ್ಚಿನ ಶಿಕ್ಷಕರಿಗೆ ಅಷ್ಟು ಸಾಕಾಗುತ್ತದೆ.

ಹೊಸದಾಗಿ ಬಂದು ಕೆಲಸ ಸಿಗುವವರೆಗಿನ ತಿಂಗಳುಗಳಲ್ಲಿ ಡಬ್ಬಿ ತುಂಬುವುದೇ ಕಷ್ಟವಾದರೆ ಶಾಲೆಯ ಕಚೇರಿಯಲ್ಲಿ ಕೇಳಲು ಹಿಂಜರಿಯಬೇಡಿ. ವಿಕ್ಟೋರಿಯಾ ಸರ್ಕಾರ 2016ರಿಂದ ಫುಡ್‌ಬ್ಯಾಂಕ್ ವಿಕ್ಟೋರಿಯಾ ಎಂಬ ಸೇವಾಸಂಸ್ಥೆಯ ಮೂಲಕ ಅನೇಕ ಸರ್ಕಾರಿ ಶಾಲೆಗಳಲ್ಲಿ ಬ್ರೇಕ್‌ಫಾಸ್ಟ್ ಕ್ಲಬ್ ನಡೆಸುತ್ತಿದೆ, ಅಲ್ಲಿ ಮಕ್ಕಳಿಗೆ ಉಚಿತವಾಗಿ ಬೆಳಗಿನ ತಿಂಡಿ ಸಿಗುತ್ತದೆ. ನಿಮ್ಮ ಶಾಲೆಯಲ್ಲಿ ಅದು ಇದೆಯೇ, ಯಾವ ದಿನಗಳಲ್ಲಿ ನಡೆಯುತ್ತದೆ, ಡಬ್ಬಿ ಇಲ್ಲದೆ ಬಂದ ಮಗುವಿಗೆ ಮಧ್ಯಾಹ್ನ ಏನು ಕೊಡುತ್ತಾರೆ ಎಂಬುದನ್ನು ಕಚೇರಿಯವರನ್ನೇ ಕೇಳಿರಿ. ಇಂಗ್ಲಿಷಿನಲ್ಲಿ ಕೇಳುವುದು ಕಷ್ಟವೆನಿಸಿದರೆ ಕನ್ನಡ ಬಲ್ಲ ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು.